ಜ್ಯೂಸ್, ಮಾಲ್ಟ್, ಹೆಲ್ತ್ ಮಿಕ್ಸ್: ಮಗುವಿನ ಲೋಟಕ್ಕೆ ಯಾವುದು, ಎಷ್ಟು?

ಕಳೆದ ತಿಂಗಳು ನನ್ನ ತಂಗಿ ಹಾಸನದ ಒಂದು ಅಂಗಡಿಯಿಂದ ನಾಲ್ಕು ಫೋಟೊ ಕಳಿಸಿದಳು. ಒಂದರಲ್ಲಿ ಒಂದು ಲೀಟರ್ ಸೇಬಿನ ಜ್ಯೂಸ್, ಮುಂದೆ ದೊಡ್ಡದಾಗಿ ‘ಸಕ್ಕರೆ ಸೇರಿಸಿಲ್ಲ’ ಅಂತ ಬರೆದಿತ್ತು. ಇನ್ನೊಂದು 150 ಮಿಲಿಯ ಮಾವಿನ ಪಾನೀಯ, ಸ್ಟ್ರಾ ಅಂಟಿಸಿದ್ದು. ಮೂರನೆಯದು ಚಾಕೊಲೇಟ್ ರುಚಿಯ ಮಾಲ್ಟ್ ಪೌಡರ್ ಡಬ್ಬಿ. ನಾಲ್ಕನೆಯದು ರಾಗಿ, ಬೆಲ್ಲ, ಖರ್ಜೂರದ ಹೆಲ್ತ್ ಮಿಕ್ಸ್. ಅವಳ ಮಗನಿಗೆ ಆರು ವರ್ಷ. ಹಿಂದೆಯೇ ಫೋನ್ ಬಂತು: “ಅಕ್ಕ, ಮಾಲ್ಟ್ ಪೌಡರ್‌ನಲ್ಲಿ ನೂರಕ್ಕೆ 32 ಗ್ರಾಂ ಸಕ್ಕರೆ ಹಾಕಿದಾರಂತೆ. ಜ್ಯೂಸ್‌ನಲ್ಲಿ ಬರೀ 11, ಅದೂ ಹಣ್ಣಿಂದೇ. ಜ್ಯೂಸೇ ತಗೊಂಡುಬಿಡ್ಲಾ?”

ಹಿಂಬದಿ ತಿರುಗಿಸಿ ಓದಿದ್ದಳು ಅನ್ನುವುದೇ ನನಗೆ ಖುಷಿ. ಆದರೆ ಲೆಕ್ಕ ತಲೆಕೆಳಗಾಗಿತ್ತು. ಇದೇ ತಪ್ಪನ್ನು ನಾನೂ ನನ್ನ ಮಕ್ಕಳು ಚಿಕ್ಕವರಿದ್ದಾಗ ವರ್ಷಗಟ್ಟಲೆ ಮಾಡಿದ್ದೇನೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನೂರು ಗ್ರಾಂ ಅಲ್ಲ, ಒಂದು ಲೋಟ

ಪೌಡರ್ ಡಬ್ಬಿಯ ಮೇಲಿನ 32 ಅನ್ನುವುದು 100 ಗ್ರಾಂ ಪುಡಿಗೆ. ಯಾವ ಮಗುವೂ ಒಂದು ಲೋಟದಲ್ಲಿ 100 ಗ್ರಾಂ ಪುಡಿ ಕುಡಿಯುವುದಿಲ್ಲ. ಈ ಡಬ್ಬಿ ಹೇಳುವ ಪ್ರಕಾರ ಒಂದು ಸಲಕ್ಕೆ 20 ಗ್ರಾಂ. ಅಂದರೆ ಸೇರಿಸಿದ ಸಕ್ಕರೆ 6.4 ಗ್ರಾಂ, ಸಣ್ಣ ಚಮಚದಲ್ಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಟೀ ಚಮಚದಲ್ಲಿ ಮಟ್ಟಸವಾಗಿ ತೆಗೆದ ಸಕ್ಕರೆ ಸುಮಾರು 4 ಗ್ರಾಂ ತೂಗುತ್ತದೆ. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಬಹುದು.

ಜ್ಯೂಸ್‌ನ 11 ಅನ್ನುವುದು 100 ಮಿಲಿಗೆ. ಆದರೆ ಮಗು ಕುಡಿಯುವುದು ಒಂದು ಲೋಟ, ಅಂದರೆ 200 ಮಿಲಿ. ಅಲ್ಲಿಗೆ 22 ಗ್ರಾಂ. ಐದೂವರೆ ಚಮಚ! ಒಂದೇ ಲೋಟದಲ್ಲಿ ಪೌಡರ್‌ಗಿಂತ ಮೂರು ಪಟ್ಟು ಹೆಚ್ಚು. ಪುಡಿಯ ನೂರು ಗ್ರಾಂ ಮತ್ತು ದ್ರವದ ನೂರು ಮಿಲಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವಾಗಲೂ ಹೀಗೇ ಮೋಸ ಹೋಗುತ್ತೇವೆ. ಹೋಲಿಸುವುದಾದರೆ ಲೋಟಕ್ಕೆ ಲೋಟ ಹೋಲಿಸಬೇಕು.

ಇನ್ನೂ ಒಂದು ವ್ಯತ್ಯಾಸ ಇದೆ. ಪೌಡರ್ ಹಾಲಿನ ಜೊತೆ ಹೋಗುತ್ತದೆ. ಒಂದು ಲೋಟ ಹಾಲಿನಲ್ಲಿ 6 ಗ್ರಾಂಗಿಂತ ಹೆಚ್ಚು ಪ್ರೋಟೀನ್, ಒಳ್ಳೆಯ ಪ್ರಮಾಣದ ಕ್ಯಾಲ್ಸಿಯಂ ಇರುತ್ತದೆ. ಜ್ಯೂಸ್‌ನಲ್ಲಿ ಸಕ್ಕರೆ, ನೀರು, ಒಂದಿಷ್ಟು ವಿಟಮಿನ್ ಬಿಟ್ಟರೆ ಹೆಚ್ಚೇನೂ ಇಲ್ಲ. ಹಾಗಾಗಿ ಇವೆರಡರಲ್ಲಿ ಒಂದನ್ನು ದಿನಾ ಕೊಡಲೇಬೇಕು ಅಂದರೆ, ಅಳತೆ ಮಾಡಿ ಹಾಕಿದ ಮಾಲ್ಟ್ ಪೌಡರ್ ಬೆರೆಸಿದ ಹಾಲೇ ಮೇಲು. ಪೌಡರ್ ಕಂಪನಿಗಳ ಪರ ಮಾತಾಡುವುದು ನನ್ನ ಇಷ್ಟವಲ್ಲ, ಆದರೆ ಲೆಕ್ಕ ಹಾಗೆ ಹೇಳುತ್ತದೆ.

‘ಸಕ್ಕರೆ ಸೇರಿಸಿಲ್ಲ’ ಅನ್ನುವ ಮಾತು

ನನ್ನ ಪ್ರಕಾರ ತಾಯಂದಿರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಮಾತು ಇದೇ. ಸುಳ್ಳು ಅಂತ ಅಲ್ಲ. ಕಾನೂನಿನ ಪ್ರಕಾರ ಅದು ನಿಜವೇ. ಸಕ್ಕರೆ, ಗ್ಲೂಕೋಸ್, ಜೇನು, ಕಾರ್ನ್ ಸಿರಪ್ ಇಂಥದ್ದೇನನ್ನೂ ಹೊರಗಿಂದ ಹಾಕಿಲ್ಲ ಅಂದರೆ ಹಾಗೆ ಬರೆಯಬಹುದು. ಅದೇ ಪ್ಯಾಕಿನ ಹಿಂದೆ ಸಣ್ಣಕ್ಷರದಲ್ಲಿ ‘ಸ್ವಾಭಾವಿಕ ಸಕ್ಕರೆ ಇದೆ’ ಅಂತಲೂ ಇರುತ್ತದೆ. ಮುಂದಿನ ಮಾತು ಹೆಬ್ಬೆರಳಿನಷ್ಟು ದಪ್ಪ, ಹಿಂದಿನದು ಸಾಸಿವೆಯಷ್ಟು.

ಹಣ್ಣಿನಲ್ಲಿರುವಾಗ ಸಕ್ಕರೆ ನಾರಿನ ಜೊತೆ, ಜೀವಕೋಶಗಳ ಒಳಗೆ ಇರುತ್ತದೆ. ಮಗು ಕಚ್ಚಬೇಕು, ಅಗಿಯಬೇಕು, ಒಂದು ಸೇಬು ಮುಗಿಸುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ಹಿಂಡಿದ ಮೇಲೆ ನಾರು ಹೊರಗೆ, ಸಕ್ಕರೆ ಮಾತ್ರ ಲೋಟಕ್ಕೆ. ಒಂದು ಲೋಟಕ್ಕೆ ಎರಡು ಮೂರು ಸೇಬು ಬೇಕು, ಅದು ಎರಡು ನಿಮಿಷದಲ್ಲಿ ಖಾಲಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆ, ಜೇನುತುಪ್ಪದ ಸಕ್ಕರೆ ಎಲ್ಲವನ್ನೂ ಚಮಚದಲ್ಲಿ ಹಾಕುವ ಸಕ್ಕರೆಯ ಸಾಲಿಗೇ ಸೇರಿಸಿದೆ, ಕಡಿಮೆ ಮಾಡಬೇಕಾದ ಸಕ್ಕರೆ ಅಂತ. ಇಡೀ ಹಣ್ಣಿನೊಳಗಿನ ಸಕ್ಕರೆ, ಹಾಲಿನಲ್ಲಿರುವ ಲ್ಯಾಕ್ಟೋಸ್ ಆ ಸಾಲಿಗೆ ಬರುವುದಿಲ್ಲ.

ಆದ್ದರಿಂದ ಪ್ಯಾಕಿನ ಹಿಂದೆ ‘ಟೋಟಲ್ ಶುಗರ್ಸ್’ ಮತ್ತು ‘ಆಡೆಡ್ ಶುಗರ್ಸ್’ ಅಂತ ಎರಡು ಸಾಲು ಕಂಡಾಗ ಯಾವುದನ್ನು ಓದಬೇಕು ಅನ್ನುವುದು ಪಾನೀಯದ ಮೇಲೆ ಹೋಗುತ್ತದೆ. ಜ್ಯೂಸ್ ಆದರೆ ಟೋಟಲ್ ನೋಡಿ, ಆಡೆಡ್ ಸೊನ್ನೆ ಇದ್ದರೂ ಸಮಾಧಾನ ಪಡಬೇಡಿ. ಪ್ಯಾಕೆಟ್‌ನ ಫ್ಲೇವರ್ಡ್ ಹಾಲಾದರೆ ಆಡೆಡ್ ನೋಡಿ, ಯಾಕೆಂದರೆ ಹಾಲಿನಲ್ಲಿ 100 ಮಿಲಿಗೆ ಸುಮಾರು 4.7 ಗ್ರಾಂ ಲ್ಯಾಕ್ಟೋಸ್ ತಾನಾಗಿಯೇ ಇರುತ್ತದೆ, ಅದರ ಬಗ್ಗೆ ಚಿಂತೆ ಬೇಡ. ಮಾಲ್ಟ್ ಪೌಡರ್ ಆದರೆ ಎರಡನ್ನೂ ನೋಡಿ. ಅಲ್ಲಿ ಟೋಟಲ್‌ನಲ್ಲಿ ಹಾಲಿನ ಪುಡಿಯ ಲ್ಯಾಕ್ಟೋಸ್ ಜೊತೆಗೆ ಮಾಲ್ಟ್‌ನ ಮಾಲ್ಟೋಸ್ ಕೂಡ ಸೇರಿರುತ್ತದೆ.

ಜ್ಯೂಸ್ ಪ್ಯಾಕಿನ ಮೇಲೆ ‘100% ಹಣ್ಣಿನ ರಸ’ ಅಂತ ಕಂಡರೆ ಇನ್ನೊಂದು ವಿಷಯ ಗೊತ್ತಿರಲಿ. ಬಹಳಷ್ಟು ಪ್ಯಾಕ್ ಜ್ಯೂಸ್‌ಗಳನ್ನು ರಸದ ನೀರು ಆರಿಸಿ ಗಟ್ಟಿ ಮಾಡಿ, ಆಮೇಲೆ ಮತ್ತೆ ನೀರು ಬೆರೆಸಿ ತಯಾರಿಸುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ‘ನೀರು, ಸೇಬಿನ ರಸದ ಕಾನ್ಸಂಟ್ರೇಟ್’ ಅಂತ ಇದ್ದರೆ ಇದೇ. ಇಂಥ ಜ್ಯೂಸ್‌ಗೆ ‘100%’ ಅಂತ ಹೇಳಿಕೊಳ್ಳಬಾರದು ಎಂದು 2024ರ ಜೂನ್‌ನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, ಕಂಪನಿಗಳಿಗೆ ಸೂಚಿಸಿತು. ಒಂದು ಕಿಲೋ ಜ್ಯೂಸ್‌ಗೆ 15 ಗ್ರಾಂಗಿಂತ ಹೆಚ್ಚು ಸಕ್ಕರೆ ಹಾಕಿದ್ದರೆ ಅದನ್ನು ‘ಸ್ವೀಟನ್ಡ್ ಜ್ಯೂಸ್’ ಅಂತಲೇ ಕರೆಯಬೇಕು ಎಂದೂ ಆಗ ನೆನಪಿಸಿತು. ‘ಮಿಕ್ಸೆಡ್ ಫ್ರೂಟ್’ ಕೊಳ್ಳುವಾಗಲೂ ಪಟ್ಟಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮುಂದೆ ದಾಳಿಂಬೆಯ ಚಿತ್ರ, ಪಟ್ಟಿಯಲ್ಲಿ ಮೊದಲು ಸೇಬಿನ ಕಾನ್ಸಂಟ್ರೇಟ್, ಕೊನೆಗೆಲ್ಲೋ ದಾಳಿಂಬೆ ಅಂತಿದ್ದರೆ ನೀವು ಕೊಡುತ್ತಿರುವುದು ಸಿಹಿಯಾದ ಸೇಬಿನ ರಸ.

ಮಾವಿನ ಪಾನೀಯ ಇನ್ನೂ ಬೇರೆ ಜಾತಿ. ಅದನ್ನು ಜ್ಯೂಸ್ ಅಂತ ಪ್ಯಾಕೇ ಕರೆಯುವುದಿಲ್ಲ, ‘ಫ್ರೂಟ್ ಡ್ರಿಂಕ್’ ಅಥವಾ ‘ರೆಡಿ ಟು ಸರ್ವ್ ಫ್ರೂಟ್ ಬೆವರೇಜ್’ ಅನ್ನುತ್ತದೆ. ಹೀಗೆ ಕರೆಯಲು ಹಣ್ಣಿನ ಅಂಶ 10% ಇದ್ದರೆ ಸಾಕು. ಉಳಿದದ್ದು ನೀರು, ಸಕ್ಕರೆ, ಹುಳಿಗೆ ಸಿಟ್ರಿಕ್ ಆಸಿಡ್, ಬಣ್ಣ, ವಾಸನೆ. ತಂಗಿ ಕಳಿಸಿದ ಪ್ಯಾಕಿನಲ್ಲಿ 100 ಮಿಲಿಗೆ 13 ಗ್ರಾಂ ಸಕ್ಕರೆ, ಅದರಲ್ಲಿ 11 ಹೊರಗಿಂದ ಹಾಕಿದ್ದು. 150 ಮಿಲಿಗೆ ಒಟ್ಟು 19.5. ನಾಲ್ಕರಲ್ಲಿ ಇದನ್ನು ಮೊದಲೇ ಪಕ್ಕಕ್ಕಿಡಬಹುದು.

ಶೇಕಡಾವಾರು ಯಾರ ಲೆಕ್ಕದ್ದು?

ಅದೇ ಮಾವಿನ ಪ್ಯಾಕಿನ ಹಿಂದೆ, ಆಡೆಡ್ ಶುಗರ್ಸ್ ಪಕ್ಕದಲ್ಲಿ, ಒಂದು ಪ್ಯಾಕಿಗೆ ದಿನದ ಅಳತೆಯ 33% ಅಂತ ಬರೆದಿತ್ತು. ಮೂರನೇ ಒಂದು ಭಾಗ ತಾನೇ, ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಆ ಶೇಕಡಾವಾರು ದಿನಕ್ಕೆ 2000 ಕ್ಯಾಲೊರಿ ತಿನ್ನುವ ದೊಡ್ಡವರದ್ದು. ಅವರಿಗೆ 50 ಗ್ರಾಂ ಸಕ್ಕರೆಯ ಲೆಕ್ಕ ಇಟ್ಟುಕೊಂಡಿದ್ದಾರೆ. ಮಕ್ಕಳ ಚಿತ್ರ ಹಾಕಿದ ಪ್ಯಾಕಿನ ಮೇಲೂ ಅದೇ ಅಂಕಿ.

ಮಕ್ಕಳಿಗೆ ಎಷ್ಟು? ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿದ್ದು, 2ರಿಂದ 18 ವರ್ಷದವರಿಗೆ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಇರಬೇಕು, ಎರಡು ವರ್ಷದೊಳಗೆ ಬೇಡವೇ ಬೇಡ. ಆ ಪ್ರಕಾರ ನಮ್ಮ ಹುಡುಗನಿಗೆ ಆ ಪ್ಯಾಕ್ ದಿನದ 66%. ನಾನು ಸುಲಭಕ್ಕೆ ಹೀಗೆ ಮಾಡುತ್ತೇನೆ: ಪ್ಯಾಕಿನ ಮೇಲಿನ ಶೇಕಡಾವಾರು ಎಷ್ಟಿದೆಯೋ ಅದನ್ನು ದುಪ್ಪಟ್ಟು ಮಾಡಿ ಓದುತ್ತೇನೆ.

ಜ್ಯೂಸ್‌ಗೂ ಮಿತಿ ಇದೆ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2019ರಲ್ಲಿ ಸಲಹೆ ಕೊಟ್ಟಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಜ್ಯೂಸ್ ಕೊಡಬಾರದು. 2ರಿಂದ 5 ವರ್ಷಕ್ಕೆ ದಿನಕ್ಕೆ 125 ಮಿಲಿ ಮೀರಬಾರದು. ಅದಕ್ಕಿಂತ ದೊಡ್ಡವರಿಗೆ 250 ಮಿಲಿ, ಅದೂ ಮನೆಯಲ್ಲಿ ಆಗಷ್ಟೇ ಹಿಂಡಿದ್ದಾದರೆ ಉತ್ತಮ. ಇದು ಗರಿಷ್ಠ ಮಿತಿ, ದಿನಾ ಕೊಡಲೇಬೇಕಾದ ಅಳತೆ ಅಲ್ಲ. ಪೌಡರ್, ಬಿಸ್ಕತ್ತು, ಜಾಮ್ ಎಲ್ಲ ಇರುವ ಮನೆಯಲ್ಲಿ ನಾನಾದರೆ ಆರು ವರ್ಷದವನಿಗೂ 100 ಮಿಲಿಗೆ ನಿಲ್ಲಿಸುತ್ತೇನೆ.

ಪೌಡರ್ ಡಬ್ಬಿಯ ಹೇಳಿಕೆಗಳು

‘ಹೆಲ್ತ್ ಡ್ರಿಂಕ್’ ಅನ್ನುವ ಹೆಸರಿಗೇ ನಮ್ಮ ಆಹಾರ ಕಾನೂನಿನಲ್ಲಿ ಅರ್ಥ ಕೊಟ್ಟಿಲ್ಲ. 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಅಂಗಡಿಗಳಿಗೆ, ಹಾಲು, ಧಾನ್ಯ, ಮಾಲ್ಟ್ ಮೂಲದ ಪೌಡರ್‌ಗಳನ್ನು ಆ ಹೆಸರಿನ ಕೆಳಗೆ ಮಾರಬೇಡಿ ಅಂತ ಹೇಳಿತು. ಕೆಲವೇ ದಿನಗಳಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವೂ ಬೋರ್ನ್‌ವೀಟಾದ ಹೆಸರು ಹೇಳಿ ಅದೇ ಸೂಚನೆ ಕೊಟ್ಟಿತು. ಅದಕ್ಕೂ ಮುಂಚೆ, 2023ರಲ್ಲಿ ಆ ಪೌಡರ್‌ನ ಸಕ್ಕರೆಯ ಬಗ್ಗೆ ದೊಡ್ಡ ಚರ್ಚೆ ಆಗಿ, ವರ್ಷದ ಕೊನೆಗೆ ಕಂಪನಿ ಸೇರಿಸಿದ ಸಕ್ಕರೆಯನ್ನು 100 ಗ್ರಾಂಗೆ 37.4ರಿಂದ 32.2 ಗ್ರಾಂಗೆ ಇಳಿಸಿತು. ಇಳಿಸಿದ್ದು ಒಳ್ಳೆಯದೇ. ಆದರೆ ‘ಮೊದಲಿಗಿಂತ ಕಡಿಮೆ ಸಕ್ಕರೆ’ ಅನ್ನುವ ಮಾತು ಎಲ್ಲೇ ಕಂಡರೂ ನಾವು ಕೇಳಬೇಕಾದ್ದು, ಈಗ ಎಷ್ಟಿದೆ? ಇಲ್ಲಿ ಉತ್ತರ, ಡಬ್ಬಿಯ ಮೂರನೇ ಒಂದು ಭಾಗದಷ್ಟು.

ಇನ್ನು ಡಬ್ಬಿಯ ಮುಂದೆ ಬರೆಯುವ ಪ್ರೋಟೀನ್, ಕ್ಯಾಲ್ಸಿಯಂ ಅಂಕಿಗಳ ಪಕ್ಕದಲ್ಲಿ ನಕ್ಷತ್ರದ ಗುರುತು ಇದೆಯಾ ನೋಡಿ. ಅದರ ಅರ್ಥ ಬಹಳ ಸಲ ‘ಒಂದು ಲೋಟ ಹಾಲಿನ ಜೊತೆ’ ಅಂತ. ಅಂದರೆ ಹೊಗಳಿಕೆಯ ದೊಡ್ಡ ಪಾಲು ನಿಮ್ಮ ಮನೆಯ ಹಾಲಿಗೆ ಸೇರಬೇಕು. 100 ಗ್ರಾಂ ಪುಡಿಯಲ್ಲಿ 7 ಗ್ರಾಂ ಪ್ರೋಟೀನ್ ಇದ್ದರೆ, 20 ಗ್ರಾಂನಲ್ಲಿ ಸಿಗುವುದು ಒಂದೂವರೆ ಗ್ರಾಂ ಕೂಡ ಅಲ್ಲ.

ಪಟ್ಟಿಯಲ್ಲಿ ‘ಮಾಲ್ಟೋಡೆಕ್ಸ್‌ಟ್ರಿನ್’ ಅಂತ ಒಂದು ಪದ ಸಿಗಬಹುದು. ಇದು ಪಿಷ್ಟವನ್ನು ಸಣ್ಣದಾಗಿ ಒಡೆದು ಮಾಡಿದ ಪುಡಿ. ಹೊಟ್ಟೆಯಲ್ಲಿ ಗ್ಲೂಕೋಸ್‌ನಷ್ಟೇ ಬೇಗ ಕರಗಿ ರಕ್ತಕ್ಕೆ ಸೇರುತ್ತದೆ. ಆದರೆ ಲೇಬಲ್‌ನಲ್ಲಿ ಇದು ಸಕ್ಕರೆಯ ಸಾಲಿಗೆ ಬರುವುದಿಲ್ಲ, ಕಾರ್ಬೋಹೈಡ್ರೇಟ್‌ನಲ್ಲಿ ಅಡಗಿರುತ್ತದೆ. ಹಾಗಾಗಿ ಸಕ್ಕರೆ ಕಡಿಮೆ ತೋರಿಸಿ, ಪಟ್ಟಿಯ ಮೊದಲ ಎರಡು ಮೂರು ಹೆಸರಲ್ಲೇ ಮಾಲ್ಟೋಡೆಕ್ಸ್‌ಟ್ರಿನ್ ಇರುವ ಡಬ್ಬಿಯನ್ನು ನಾನು ನಂಬುವುದಿಲ್ಲ.

ನಾಲ್ಕನೇ ಪ್ಯಾಕ್, ರಾಗಿ-ಬೆಲ್ಲ-ಖರ್ಜೂರದ್ದು, ತಂಗಿಗೆ ಬಹಳ ಹಿಡಿಸಿತ್ತು. ‘ಬಿಳಿ ಸಕ್ಕರೆ ಇಲ್ಲ’ ಅಂತ ಬರೆದಿತ್ತು. ಹಿಂದೆ ತಿರುಗಿಸಿದರೆ ಪಟ್ಟಿಯ ಮೊದಲ ಹೆಸರೇ ಬೆಲ್ಲ, ರಾಗಿ ಎರಡನೆಯದು. ಒಟ್ಟು ಸಕ್ಕರೆ 100 ಗ್ರಾಂಗೆ 38. ಒಂದು ಸಲಕ್ಕೆ 25 ಗ್ರಾಂ ಹಾಕಿ ಅಂತಾರೆ, ಅಂದರೆ 9.5 ಗ್ರಾಂ ಸಕ್ಕರೆ. ಮಾಲ್ಟ್ ಪೌಡರ್‌ಗಿಂತ ಜಾಸ್ತಿ! ಬೆಲ್ಲದ ಬಗ್ಗೆ ನಮಗೆಲ್ಲ ಪ್ರೀತಿ ಇದೆ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಸ್ವಲ್ಪ ಕಬ್ಬಿಣದಂಶಕ್ಕಾಗಿ ಒಂದು ಮಗುವಿಗೆ ಎರಡು ಚಮಚ ಬೆಲ್ಲ ಕೊಡುವುದು ನ್ಯಾಯವಲ್ಲ. ಖರ್ಜೂರ ಹಾಗೇ ಎರಡು ತಿಂದರೆ ಹಣ್ಣು, ಸಿರಪ್ ಮಾಡಿ ಸುರಿದರೆ ಸಕ್ಕರೆ ಪಾಕ.

ಸಕ್ಕರೆ ತೆಗೆದು ಸುಕ್ರಲೋಸ್ (ಐಎನ್‌ಎಸ್ 955) ಅಥವಾ ಸ್ಟೀವಿಯಾ (ಐಎನ್‌ಎಸ್ 960) ಹಾಕಿದ ಪೌಡರ್‌ಗಳೂ ಬರುತ್ತವೆ. ಮಕ್ಕಳಿಗೆ ನಾನು ಇವನ್ನು ಆರಿಸುವುದಿಲ್ಲ. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಮಕ್ಕಳಿಗೂ ಸೇರಿಸಿ. ಅದೆಲ್ಲ ಬಿಟ್ಟರೂ, ನಾಲಿಗೆಗೆ ಅದೇ ವಿಪರೀತ ಸಿಹಿ ಅಭ್ಯಾಸವಾಗುತ್ತದೆ. ಆಮೇಲೆ ಬರೀ ಹಾಲು ಸಪ್ಪೆ ಅನ್ನಿಸುತ್ತದೆ.

ಒಂದು ದಿನದ ಲೆಕ್ಕ

ತಂಗಿಗೆ ಒಂದು ಕೆಲಸ ಹೇಳಿದೆ. ಮನೆಯಲ್ಲಿದ್ದ ಅಡುಗೆ ತಕ್ಕಡಿ ಮೇಲೆ, ಹುಡುಗ ದಿನಾ ಹೇಗೆ ಹಾಕಿಕೊಳ್ಳುತ್ತಾನೋ ಹಾಗೇ ಪೌಡರ್ ಹಾಕಿಸಿ ತೂಗು ಅಂದೆ. ಗೋಪುರದ ಹಾಗೆ ತುಂಬಿದ ಮೂರು ಚಮಚ. ತೂಕ 30 ಗ್ರಾಂ ಬಂತು. ಅಂದರೆ ಸೇರಿಸಿದ ಸಕ್ಕರೆ 9.6 ಗ್ರಾಂ. ಅದರ ಮೇಲೆ ಅಜ್ಜಿ ಪ್ರೀತಿಯಿಂದ ಒಂದು ತುಂಬು ಚಮಚ ಸಕ್ಕರೆ ಹಾಕುತ್ತಿದ್ದರು, ಅದು 6 ಗ್ರಾಂ. ಶಾಲೆಗೆ ಮಾವಿನ ಪ್ಯಾಕ್, 19.5. ಸಂಜೆ ಆಡಿ ಬಂದ ಮೇಲೆ ಒಂದು ಲೋಟ ಸೇಬಿನ ಜ್ಯೂಸ್, 22.

ಕೂಡಿಸಿದರೆ 57 ಗ್ರಾಂ. ಹದಿನಾಲ್ಕು ಚಮಚ ಸಕ್ಕರೆ, ಬರೀ ಕುಡಿಯುವುದರಲ್ಲೇ. ಬಿಸ್ಕತ್ತು, ಕೇಕ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆದರೆ ಮೂರೂ ಪ್ಯಾಕಿನ ‘ಆಡೆಡ್ ಶುಗರ್ಸ್’ ಮಾತ್ರ ಕೂಡಿಸಿದ್ದರೆ 26 ಅಂತ ಬರುತ್ತಿತ್ತು, ಸರಿಯಾಗೇ ಇದೆ ಅನ್ನಿಸುತ್ತಿತ್ತು. ಜ್ಯೂಸ್‌ನ ಸಕ್ಕರೆ, ಅಜ್ಜಿಯ ಚಮಚ ಎರಡೂ ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದರೆ ಮನೆಯಲ್ಲಿ ರಂಪ. ಹಾಗಾಗಿ ಒಂದೊಂದಾಗಿ ಬದಲಾಯಿಸಿದೆವು. ಮೊದಲು ಶಾಲೆಯ ಮಾವಿನ ಪ್ಯಾಕ್ ಹೋಯಿತು, ಅದರ ಬದಲು ನೀರಿನ ಬಾಟಲಿ ಮತ್ತು ಡಬ್ಬಿಯಲ್ಲಿ ಕತ್ತರಿಸಿದ ಸೀಬೆ ಅಥವಾ ಒಂದು ಯಾಲಕ್ಕಿ ಬಾಳೆಹಣ್ಣು. ಆಮೇಲೆ ಅಜ್ಜಿಯ ಚಮಚ. “ಅಮ್ಮ, ಪೌಡರ್‌ನಲ್ಲೇ ಸಕ್ಕರೆ ಇದೆ, ನೀವು ಬೇಕಾದ್ರೆ ತಿಂದು ನೋಡಿ” ಅಂತ ತಂಗಿ ಒಂದು ಚಿಟಿಕೆ ಪುಡಿ ಅತ್ತೆಯ ಅಂಗೈಗೆ ಹಾಕಿದಳಂತೆ. ಅವರಿಗೇ ಆಶ್ಚರ್ಯ ಆಯ್ತು. ಆಮೇಲೆ ಪುಡಿಯನ್ನು ಪ್ರತಿ ವಾರ ಸ್ವಲ್ಪ ಸ್ವಲ್ಪ ಇಳಿಸಿ ಈಗ 15 ಗ್ರಾಂಗೆ ತಂದಿದ್ದಾರೆ, 4.8 ಗ್ರಾಂ ಸಕ್ಕರೆ. ಜ್ಯೂಸ್ ಭಾನುವಾರ ಮಾತ್ರ, ಸಣ್ಣ ಲೋಟದಲ್ಲಿ 100 ಮಿಲಿ, ಊಟದ ಜೊತೆ. ಊಟದ ಜೊತೆ ಯಾಕೆಂದರೆ, ಸಿಹಿಯನ್ನು ಗಂಟೆಗಟ್ಟಲೆ ಗುಟುಕರಿಸುತ್ತಾ ಕೂತರೆ ಹಲ್ಲು ಹುಳುಕಾಗುವುದು ಇನ್ನೂ ಬೇಗ.

ಒಂದು ಲೀಟರ್ ಪ್ಯಾಕ್ ಮನೆಗೆ ತರುವುದನ್ನೇ ಬಿಟ್ಟರು. ತೆರೆದ ಪ್ಯಾಕ್ ಫ್ರಿಜ್‌ನಲ್ಲಿದ್ದರೆ ಬೇಗ ಮುಗಿಸಬೇಕಲ್ಲ ಅಂತ ದಿನಾ ಸುರಿಯುವುದೇ ಆಗುತ್ತದೆ.

ಮನೆಯ ಮಾಲ್ಟ್

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಅಷ್ಟೇ. ಡಬ್ಬಿಯಲ್ಲಿ ಹೆಚ್ಚಾಗಿ ಬಾರ್ಲಿ, ನಮ್ಮಲ್ಲಿ ರಾಗಿ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಇಟ್ಟರೆ ಬಿಳಿ ಮೊಳಕೆ ಬರುತ್ತದೆ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಪುಡಿ ಮಾಡಬೇಕು. ಒಣಗುವಾಗ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಎಸೆಯಿರಿ, ಉಳಿಸಿಕೊಳ್ಳಲು ನೋಡಬೇಡಿ.

ಮೊಳಕೆ ಬರುವಾಗ ಕಾಳಿನ ಪಿಷ್ಟ ಒಡೆಯಲು ಶುರುವಾಗುತ್ತದೆ. ಅದಕ್ಕೇ ಮೊಳಕೆ ರಾಗಿಯ ಗಂಜಿ ತೆಳ್ಳಗೆ, ತನ್ನಷ್ಟಕ್ಕೆ ಸ್ವಲ್ಪ ಸಿಹಿಯಾಗಿ ಇರುತ್ತದೆ. ಎರಡು ಚಮಚ ಪುಡಿಯನ್ನು ನೀರಲ್ಲಿ ಕದಡಿ ಕುದಿಸಿ, ಹಾಲು ಬೆರೆಸಿ, ಬೇಕಾದರೆ ಅರ್ಧ ಚಮಚ ಬೆಲ್ಲ. ಏಲಕ್ಕಿ ಹಾಕಿದರೆ ಸಿಹಿ ಕಡಿಮೆ ಇದ್ದರೂ ಗೊತ್ತಾಗುವುದಿಲ್ಲ. ರಾಗಿಯಲ್ಲಿ 100 ಗ್ರಾಂಗೆ 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆದರೆ ಲೋಟಕ್ಕೆ ಬೀಳುವುದು 15 ಗ್ರಾಂ ರಾಗಿ ಮಾತ್ರ. ಹಾಗಾಗಿ ಇಲ್ಲೂ ಹೆಚ್ಚಿನ ಕೆಲಸ ಮಾಡುವುದು ಹಾಲೇ.

ಮಗುವಿಗೆ ಬೇಧಿ ಆದಾಗ ಮಾತ್ರ ಈ ಆಯ್ಕೆಗಳು ಯಾವುವೂ ಬೇಡ. ಪ್ಯಾಕ್ ಜ್ಯೂಸ್‌ನ ಸಕ್ಕರೆ ಬೇಧಿಯನ್ನು ಇನ್ನೂ ಹೆಚ್ಚಿಸಬಹುದು. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಹೆಸರು ಸೇರಿಸಿಕೊಂಡ ಸಿಹಿ ಟೆಟ್ರಾ ಪ್ಯಾಕ್‌ಗಳು ಬಹಳ ವರ್ಷ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸುವಂತಿಲ್ಲ ಅಂತ ಆದೇಶ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ನಿಜವಾದ ಓಆರ್‌ಎಸ್‌ನಲ್ಲಿ ಒಂದು ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ, ಜೊತೆಗೆ ಅಳೆದು ಹಾಕಿದ ಲವಣಗಳು. ಸೇಬಿನ ಜ್ಯೂಸ್‌ನಲ್ಲಿ ಅದೇ ಒಂದು ಲೀಟರ್‌ಗೆ 110 ಗ್ರಾಂ ಸಕ್ಕರೆ. ಮನೆಯಲ್ಲಿ ಎರಡು ಓಆರ್‌ಎಸ್ ಪುಡಿ ಪ್ಯಾಕೆಟ್ ಇಟ್ಟುಕೊಂಡಿರಿ, ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಪೂರ್ತಿ ಕಲಸಿ, ಚಮಚ ಚಮಚವಾಗಿ ಕುಡಿಸಿ.